ಪುನರುಕ್ತಿ ಮತ್ತು ದನಿ: ಹಾರೋಹಳ್ಳಿಯ ಒಂದು ಇಂಗ್ಲಿಷ್ ಅರ್ಜಿಪತ್ರದ ಪರಿಷ್ಕರಣೆ

ಸಾರಾಂಶ

ಕನ್ನಡ ಮಾತೃಭಾಷೆಯ ಅರ್ಜಿದಾರರು ಇಂಗ್ಲಿಷಿನಲ್ಲಿ ಬರೆಯುವ ಕವರ್ ಲೆಟರುಗಳಲ್ಲಿ ಕಾಣುವ ಪುನರುಕ್ತಿಯನ್ನು ತೆಗೆಯುವಾಗ ಬರೆದವರ ದನಿಯೂ ಅಳಿಸಿಹೋಗುವ ಅಪಾಯವಿದೆ. ಒಂದು ಪತ್ರವನ್ನು ವಾಕ್ಯವಾಕ್ಯವಾಗಿ ಪರಿಶೀಲಿಸುವ ಈ ಲೇಖನವು, ಕಡಿತದ ನಿರ್ಣಯವನ್ನು ಪದಗಳ ಸಾಮ್ಯದ ಮೇಲಲ್ಲದೆ ವಾಕ್ಯದ ತಿರುಳು ಮತ್ತು ಅದು ಮಾಡುವ ವಾಕ್‌ಕ್ರಿಯೆ, ಈ ಎರಡರ ಮೇಲೆ ಆಧರಿಸಬೇಕೆಂದು ತೋರಿಸುತ್ತದೆ.

ಕೀಲಿಪದಗಳು: ಪುನರುಕ್ತಿ, ಅರ್ಜಿಪತ್ರ, ವಾಕ್‌ಕ್ರಿಯೆ, ಅವಧಾರಣೆ, ಭಾರತೀಯ ಇಂಗ್ಲಿಷ್

1. ಸಾಮಗ್ರಿ

ಕನಕಪುರ ರಸ್ತೆಯಲ್ಲಿರುವ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಸುತ್ತಲಿನ ಹಳ್ಳಿಗಳ ಯುವಜನರು ಕೆಲಸ ಹುಡುಕುತ್ತಾರೆ. ಅವರ ದಿನದ ಮಾತು ಕನ್ನಡ. ಕಾರ್ಖಾನೆಯೊಳಗೂ ಬಹುಪಾಲು ಕನ್ನಡವೇ. ಆದರೆ ಒಳಗೆ ಹೋಗಲು ಬೇಕಾದ ಅರ್ಜಿಪತ್ರ ಇಂಗ್ಲಿಷಿನದು. ಇಲ್ಲಿ ಪರಿಶೀಲಿಸಿರುವ ಪತ್ರ, ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷಕರ ಹುದ್ದೆಗೆ ಯುವತಿಯೊಬ್ಬರು ಬರೆದು, ತಿದ್ದಿಕೊಡಲು ನನ್ನ ಬಳಿ ತಂದದ್ದು. ಅವರ ಒಪ್ಪಿಗೆಯಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಅದನ್ನು ಕೊಡಲಾಗಿದೆ. ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಪದಗಳ ಎಣಿಕೆ ಮೂಲ ಇಂಗ್ಲಿಷಿನದು.

(1) ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್, ಐ ವುಡ್ ಲೈಕ್ ಟು ಇನ್‌ಫಾರ್ಮ್ ಯು ದಟ್ ಐ ಆಮ್ ಹಿಯರ್‌ವಿತ್ ಅಪ್ಲೈಯಿಂಗ್ ಫಾರ್ ದಿ ಪೋಸ್ಟ್ ಆಫ್ ಕ್ವಾಲಿಟಿ ಇನ್ಸ್‌ಪೆಕ್ಟರ್ ಇನ್ ಯುವರ್ ಎಸ್ಟೀಮ್ಡ್ ಕಂಪನಿ.
(2) ಐ ಆಮ್ ಎ ಹಾರ್ಡ್ ವರ್ಕಿಂಗ್ ಅಂಡ್ ಸಿನ್ಸಿಯರ್ ಪರ್ಸನ್ ಅಂಡ್ ಐ ಡೂ ಮೈ ವರ್ಕ್ ವಿತ್ ಫುಲ್ ಡೆಡಿಕೇಷನ್ ಅಂಡ್ ಸಿನ್ಸಿಯಾರಿಟಿ.
(3) ಐ ಹ್ಯಾವ್ ಕಂಪ್ಲೀಟೆಡ್ ಡಿಪ್ಲೊಮಾ ಇನ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಂಡ್ ಆಫ್ಟರ್ ಕಂಪ್ಲೀಟಿಂಗ್ ಮೈ ಡಿಪ್ಲೊಮಾ ಐ ಆಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್ ಇನ್ ಎ ಮೆಷಿನ್ ಶಾಪ್ ಇನ್ ಕ್ವಾಲಿಟಿ ಚೆಕಿಂಗ್ ವರ್ಕ್.
(4) ಇನ್ ಮೈ ಪ್ರೆಸೆಂಟ್ ವರ್ಕ್ ಐ ಆಮ್ ಚೆಕಿಂಗ್ ಶಾಫ್ಟ್ಸ್ ವಿತ್ ಮೈಕ್ರೋಮೀಟರ್, ಅಂಡ್ ಇಫ್ ತ್ರೀ ಪೀಸಸ್ ಕಮ್ ರಾಂಗ್ ಒನ್ ಆಫ್ಟರ್ ಅನದರ್, ಐ ಸ್ಟಾಪ್ ದಿ ಮೆಷಿನ್ ಅಂಡ್ ಕಾಲ್ ದಿ ಸೆಟರ್.
(5) ಮೈ ಸೂಪರ್‌ವೈಸರ್ ವಾಸ್ ಸ್ಕೋಲ್ಡಿಂಗ್ ಮಿ ಇನ್ ದಿ ಬಿಗಿನಿಂಗ್, ಆಫ್ಟರ್‌ವರ್ಡ್ಸ್ ಹಿ ಓನ್ಲಿ ಟೋಲ್ಡ್ ಅದರ್ಸ್ ಟು ಡೂ ದಿ ಸೇಮ್.
(6) ಸೋ ಐ ಕ್ಯಾನ್ ಸೇ ದಟ್ ಐ ಆಮ್ ಸಿನ್ಸಿಯರ್ ಇನ್ ಕ್ವಾಲಿಟಿ ವರ್ಕ್ ಅಂಡ್ ಐ ವಿಲ್ ನಾಟ್ ಕಾಂಪ್ರಮೈಸ್ ಇನ್ ಕ್ವಾಲಿಟಿ.
(7) ಮೈ ಹೌಸ್ ಈಸ್ ಇನ್ ದಿ ವಿಲೇಜ್ ನಿಯರ್ ಟು ಯುವರ್ ಫ್ಯಾಕ್ಟರಿ, ಸೋ ಐ ಕ್ಯಾನ್ ಕಮ್ ಫಾರ್ ಎನಿ ಶಿಫ್ಟ್, ಅಂಡ್ ನೈಟ್ ಶಿಫ್ಟ್ ಈಸ್ ಆಲ್ಸೋ ನೋ ಪ್ರಾಬ್ಲಮ್ ಫಾರ್ ಮಿ.
(8) ಐ ಅಶ್ಯೂರ್ ಯು ದಟ್ ಇಫ್ ಐ ಆಮ್ ಗಿವನ್ ಎ ಚಾನ್ಸ್ ಐ ವಿಲ್ ವರ್ಕ್ ಹಾರ್ಡ್ ವಿತ್ ಸಿನ್ಸಿಯಾರಿಟಿ ಅಂಡ್ ಡೆಡಿಕೇಷನ್ ಟು ದಿ ಫುಲ್ಲೆಸ್ಟ್ ಸ್ಯಾಟಿಸ್‌ಫ್ಯಾಕ್ಷನ್ ಆಫ್ ಮೈ ಸುಪೀರಿಯರ್ಸ್.
(9) ಕೈಂಡ್ಲಿ ಕನ್ಸಿಡರ್ ಮೈ ಅಪ್ಲಿಕೇಷನ್ ಅಂಡ್ ಡೂ ದಿ ನೀಡ್‌ಫುಲ್, ಫಾರ್ ವಿಚ್ ಐ ಶಲ್ ಬಿ ಥ್ಯಾಂಕ್‌ಫುಲ್ ಟು ಯು.

2. ತಿರುಳಿನ ಎಣಿಕೆ

ಪೆನ್ನು ಹಿಡಿದು ಒಂದೊಂದೇ ಪದ ಹೊಡೆದುಹಾಕುತ್ತ ಹೋಗುವುದು ಪರಿಷ್ಕರಣೆಯ ಸಾಮಾನ್ಯ ರೂಢಿ. ಅದಕ್ಕೆ ಮೊದಲು ಪ್ರತಿ ವಾಕ್ಯ ಏನನ್ನು ಹೇಳುತ್ತದೆ ಎಂಬುದನ್ನು ಪಕ್ಕದಲ್ಲಿ ಬರೆದುಕೊಳ್ಳುವುದು ಹೆಚ್ಚು ಫಲಕಾರಿ. ಈ ಪತ್ರದ ಒಂಬತ್ತು ವಾಕ್ಯಗಳಲ್ಲಿ ಇರುವುದು ಐದೇ ವಿಚಾರ: ಅರ್ಜಿ ಸಲ್ಲಿಕೆ (1, 9), ಓದು ಮತ್ತು ಅನುಭವ (3), ಪ್ರಾಮಾಣಿಕ ದುಡಿಮೆ (2, 6, 8), ಯಂತ್ರ ನಿಲ್ಲಿಸಿದ ಪ್ರಸಂಗ (4, 5), ಮನೆಯ ಸಾಮೀಪ್ಯ ಮತ್ತು ಪಾಳಿ (7).

ಒಟ್ಟು 200 ಪದಗಳಲ್ಲಿ ಮೂರನೆಯ ವಿಚಾರವೊಂದಕ್ಕೇ 61 ಪದಗಳು ಸಂದಿವೆ. ಅದಕ್ಕೆ ಏಕೈಕ ಸಾಕ್ಷಿಯಾದ ನಾಲ್ಕನೆಯ ವಿಚಾರಕ್ಕೆ ದೊರೆತದ್ದು 44. ಗ್ರೈಸ್ 1975ರ ಲೇಖನದಲ್ಲಿ ಹೇಳಿದ ಪರಿಮಾಣದ ಸೂತ್ರದಿಂದ ನೋಡಿದರೆ, ಅಗತ್ಯಕ್ಕಿಂತ ಹೆಚ್ಚು ಹೇಳಿದ್ದು ಬರೀ ವ್ಯರ್ಥವಲ್ಲ; ಇಷ್ಟು ಸಲ ಏಕೆ ಹೇಳುತ್ತಿದ್ದಾರೆ ಎಂಬ ಊಹೆಗೆ ಅದು ಓದುಗರನ್ನು ತಳ್ಳುತ್ತದೆ. ನಾಲ್ಕು ಸಲ ಬಂದ ‘ಸಿನ್ಸಿಯರ್’, ‘ಸಿನ್ಸಿಯಾರಿಟಿ’ ಪದಗಳು ಪ್ರಾಮಾಣಿಕತೆಯನ್ನು ಸ್ಥಾಪಿಸುವುದಿಲ್ಲ. ಹೇಳಲು ಬೇರೇನೂ ಇಲ್ಲವೆಂಬ ತಪ್ಪು ಸೂಚನೆ ಕೊಡುತ್ತವೆ.

ಈ ಪುನರುಕ್ತಿಯನ್ನು ಕನ್ನಡದ ‘ಪ್ರಭಾವ’ ಎಂದು ಕೂಡಲೇ ಹೆಸರಿಸುವುದು ಸರಿಯಲ್ಲ. ‘ಡೆಡಿಕೇಷನ್ ಅಂಡ್ ಸಿನ್ಸಿಯಾರಿಟಿ’ಯ ಹಿಂದೆ ‘ಶ್ರದ್ಧೆ ನಿಷ್ಠೆ’ಯಂಥ ಕನ್ನಡದ ಜೋಡಿಪದಗಳ ಲಯ ಇರಬಹುದು. ಆದರೆ (1)ರ ಮೊದಲ ಭಾಗ ಶಾಲೆಯ ಪತ್ರಲೇಖನದ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ತಿಳಿಯಪಡಿಸುವುದೇನೆಂದರೆ’ ಎಂಬುದಕ್ಕೆ ಎಷ್ಟು ಹತ್ತಿರವೋ, ಹಳೆಯ ಕಚೇರಿ ಇಂಗ್ಲಿಷಿಗೂ ಅಷ್ಟೇ ಹತ್ತಿರ. ಕಚೇರಿ ಕನ್ನಡ ಮತ್ತು ಕಚೇರಿ ಇಂಗ್ಲಿಷ್ ಒಂದರ ಅಚ್ಚಿನಲ್ಲಿ ಇನ್ನೊಂದು ಬೆಳೆದಿವೆ. ಆದ್ದರಿಂದ ಈ ಚೌಕಟ್ಟು ಅರ್ಜಿದಾರರ ದನಿಯಲ್ಲ. ಅದು ಎಲ್ಲರದೂ ಆದ, ಯಾರದೂ ಅಲ್ಲದ ಮಾತು. ಅದನ್ನು ತೆಗೆದಾಗ (1) 27 ಪದಗಳಿಂದ 12ಕ್ಕೆ ಇಳಿಯುತ್ತದೆ; ಬರೆದವರು ಏನನ್ನೂ ಕಳೆದುಕೊಳ್ಳುವುದಿಲ್ಲ.

3. ಪುನರುಕ್ತಿಯಂತೆ ಕಂಡರೂ ಅಲ್ಲದ್ದು

ಒಂದೇ ತಿರುಳಿನ ವಾಕ್ಯಗಳಲ್ಲಿ ಸಾಕ್ಷಿ ಇರುವುದನ್ನು ಉಳಿಸಿ ಉಳಿದವನ್ನು ತೆಗೆಯುವುದು ಮೊದಲ ನಿಯಮ. ಅದರಂತೆ (2), (6), (8) ಮೂರೂ ಹೋಗಬೇಕು. ಅರ್ಜಿದಾರರು (2) ಮತ್ತು (6)ನ್ನು ಬಿಡಲು ಒಪ್ಪಿದರು; (8)ರ ಬಳಿ ತಡೆದರು: “ಮಾತು ಕೊಡ್ದೆ ಕೆಲ್ಸ ಕೇಳೋದು ಹೆಂಗೆ ಸಾರ್?”

ಈ ಆಕ್ಷೇಪದಲ್ಲಿ ಸೈದ್ಧಾಂತಿಕ ಹುರುಳಿದೆ. (2) ಮತ್ತು (8)ರ ತಿರುಳು ಹೆಚ್ಚುಕಡಿಮೆ ಒಂದೇ ಆದರೂ ಅವು ಮಾಡುವ ವಾಕ್‌ಕ್ರಿಯೆ ಬೇರೆ. (2) ತನ್ನ ಬಗೆಗಿನ ಹೇಳಿಕೆ. (8) ಸರ್ಲ್ ವರ್ಗೀಕರಣದಲ್ಲಿ ಬದ್ಧತೆಯ ಗುಂಪಿಗೆ ಸೇರುವ ವಾಗ್ದಾನ. ಪತ್ರದಲ್ಲಿ ವಾಗ್ದಾನ ಇರುವುದು ಇಲ್ಲಿ ಮಾತ್ರ. ಆದ್ದರಿಂದ ಕ್ರಿಯೆಯನ್ನು ಉಳಿಸಿ, ಮೂರನೆಯ ಸಲ ಬಂದ ತಿರುಳನ್ನು ಮಾತ್ರ ಬದಲಿಸಲಾಯಿತು: ‘ಇಫ್ ಐ ಆಮ್ ಗಿವನ್ ಎ ಚಾನ್ಸ್, ಐ ವಿಲ್ ವರ್ಕ್ ದಿ ಸೇಮ್ ವೇ ಹಿಯರ್.’ ಇದನ್ನು (5)ರ ಬೆನ್ನಿಗೇ ಇಟ್ಟಾಗ, ಮೂರು ತುಂಡು ಕೆಟ್ಟರೆ ಯಂತ್ರ ನಿಲ್ಲಿಸುತ್ತೇನೆ ಎಂಬ ನಿರ್ದಿಷ್ಟ ವಾಗ್ದಾನವಾಗುತ್ತದೆ. ‘ಗಿವನ್ ಎ ಚಾನ್ಸ್’ ಎಂಬುದು ಅವರದೇ ನುಡಿ, ಅದು ಉಳಿಯಿತು.

(7)ರಲ್ಲಿ ‘ಎನಿ ಶಿಫ್ಟ್’ ಎಂದ ಮೇಲೆ ‘ನೈಟ್ ಶಿಫ್ಟ್’ ತಾರ್ಕಿಕವಾಗಿ ಹೆಚ್ಚುವರಿ; ನಾನು ಅದನ್ನು ಮೊದಲ ಕರಡಿನಲ್ಲಿ ಹೊಡೆದುಹಾಕಿದ್ದೆ. ಅವರ ಉತ್ತರ: “ಯಾವ ಶಿಫ್ಟಾದ್ರೂ ಅಂದ್ರೆ, ಹೆಂಗಸರಲ್ವಾ, ಹಗಲಿಂದು ಮಾತ್ರ ಅಂದ್ಕೋತಾರೆ.” 1948ರ ಕಾರ್ಖಾನೆ ಕಾಯ್ದೆಯ 66ನೆಯ ಕಲಮು ಮಹಿಳೆಯರ ದುಡಿಮೆಯನ್ನು ಬೆಳಿಗ್ಗೆ 6ರಿಂದ ಸಂಜೆ 7ರ ನಡುವೆ ಸೀಮಿತಗೊಳಿಸಿತ್ತು, ಕರ್ನಾಟಕದಲ್ಲಿ ರಾತ್ರಿ ಪಾಳಿಗೆ ಷರತ್ತುಬದ್ಧ ಅವಕಾಶ ದೊರೆತದ್ದು ಇತ್ತೀಚೆಗೆ. ಮಹಿಳೆಯೊಬ್ಬರ ಪತ್ರದಲ್ಲಿ ‘ಯಾವುದೇ ಪಾಳಿ’ ಎಂಬುದು ರಾತ್ರಿಯನ್ನು ಒಳಗೊಳ್ಳುವುದೆಂದು ಓದುಗರು ಭಾವಿಸಲಾರರು. ಹೀಗಾಗಿ ಒಂಬತ್ತು ಪದಗಳ ಆ ಉಪವಾಕ್ಯ ‘ನೈಟ್ ಶಿಫ್ಟ್ ಆಲ್ಸೋ’ ಎಂದು ಮೂರಕ್ಕೆ ಇಳಿಯಿತೇ ಹೊರತು ಮಾಯವಾಗಲಿಲ್ಲ. ಕೊನೆಯಲ್ಲಿ ಬರುವ ‘ಆಲ್ಸೋ’ ಕನ್ನಡದ ಸಮುಚ್ಚಯ ‘ಊ’ಕಾರದ ಜಾಗದಲ್ಲಿದೆ, ಅದರಿಂದ ಅರ್ಥ ಕೆಡುವುದಿಲ್ಲ.

4. ದನಿ ಎಲ್ಲಿದೆ

ಕಡಿತ ಮಾಡುವ ಮುನ್ನವೇ, ಇವರಲ್ಲದೆ ಬೇರೆ ಯಾರೂ ಬರೆಯಲಾಗದ ವಾಕ್ಯ ಯಾವುದೆಂದು ಗುರುತು ಹಾಕಬೇಕು. ಇಲ್ಲಿ ಅವು (4) ಮತ್ತು (5). (5)ರಲ್ಲಿ ಪ್ರಮಾಣ ಇಂಗ್ಲಿಷಿಗೆ ಹೊಂದದ ಎರಡು ಪ್ರಯೋಗಗಳಿವೆ. ಎರಡನ್ನೂ ಒಂದೇ ರೀತಿ ಕಾಣುವಂತಿಲ್ಲ. ಪ್ರಸಂಗವನ್ನು ಕನ್ನಡದಲ್ಲಿ ಹೇಳಲು ಕೇಳಿದಾಗ ಅವರು ಹೇಳಿದ್ದು: “ಮೊದ್ಲು ಬೈತಿದ್ರು, ಆಮೇಲೆ ಅವ್ರೇ ಬೇರೆಯವ್ರಿಗೂ ಹಂಗೇ ಮಾಡಿ ಅಂದ್ರು.” ‘ವಾಸ್ ಸ್ಕೋಲ್ಡಿಂಗ್’ ಎಂಬುದು ‘ಬೈತಿದ್ರು’, ಬೈಗುಳ ಒಂದು ಸಲದ್ದಲ್ಲ ಎಂಬ ಅರ್ಥ ಯಾವ ಓದುಗರಿಗೂ ತಲುಪುತ್ತದೆ. ಅದನ್ನು ಹಾಗೆಯೇ ಬಿಡಲಾಯಿತು. ‘ಹಿ ಓನ್ಲಿ’ ಎಂಬುದು ‘ಅವ್ರೇ’, ಅಂದರೆ ಅವಧಾರಣೆಯ ಏಕಾರ. ಬೆಂಗಳೂರಿನ ಓದುಗರಿಗೆ ಇದು ತಿಳಿದೀತು. ಹೊರಗಿನವರು ‘ಹೇಳಿದರಷ್ಟೆ, ಮತ್ತೇನೂ ಮಾಡಲಿಲ್ಲ’ ಎಂದು ಓದುತ್ತಾರೆ. ಬೈದವರೇ ಮೆಚ್ಚಿದರು ಎಂಬ ಪ್ರಸಂಗದ ಸಾರವೇ ಇದರಿಂದ ತಲೆಕೆಳಗಾಗುತ್ತದೆ. ಇಲ್ಲಿ ‘ಹಿಮ್‌ಸೆಲ್ಫ್’ ಅನಿವಾರ್ಯ. ವಿಲಕ್ಷಣವಾಗಿದ್ದರೂ ಅರ್ಥ ತಲುಪುವುದನ್ನು ಬಿಡಬೇಕು. ಬೇರೆ ಅರ್ಥ ತಲುಪುವುದನ್ನು ಮಾತ್ರ ತಿದ್ದಬೇಕು.

ಇದಕ್ಕೆ ವಿರುದ್ಧವಾದ ತಪ್ಪೂ ನನ್ನ ಮೊದಲ ಕರಡಿನಲ್ಲಿ ಆಗಿತ್ತು. (4) ಮತ್ತು (5)ನ್ನು ಕೂಡಿಸಿ ‘ಎ ಪ್ರೂವನ್ ರೆಕಾರ್ಡ್ ಆಫ್ ರೆಡ್ಯೂಸಿಂಗ್ ಡಿಫೆಕ್ಟ್ಸ್’ ಎಂದು ಬರೆದಿದ್ದೆ. ಆರು ಪದಗಳಲ್ಲಿ ಮುಗಿದ ಆ ನುಡಿ ಚುರುಕಾಗಿತ್ತು, ಆದರೆ ಸುಳ್ಳಾಗಿತ್ತು. ದೋಷ ಎಷ್ಟು ಇಳಿಯಿತೆಂದು ಅವರು ಎಣಿಸಿರಲಿಲ್ಲ, ಹೇಳಿಕೊಂಡೂ ಇರಲಿಲ್ಲ. ಸಂದರ್ಶನದಲ್ಲಿ ಎಷ್ಟು ಇಳಿಯಿತು ಎಂದು ಕೇಳಿದರೆ ಪತ್ರವೇ ಅವರ ವಿರುದ್ಧ ಸಾಕ್ಷಿಯಾಗುತ್ತಿತ್ತು. ಇದನ್ನು ಪತ್ತೆಹಚ್ಚುವ ಪರೀಕ್ಷೆ ಸರಳ: ತಿದ್ದಿದ ಪ್ರತಿ ವಾಕ್ಯವನ್ನು ಬರೆದವರು ಕನ್ನಡದಲ್ಲಿ ತಮ್ಮ ಅನುಭವವಾಗಿ ತಿರುಗಿ ಹೇಳಬೇಕು. ಈ ವಾಕ್ಯದ ಬಳಿ ಅವರು ಸುಮ್ಮನಾದರು. ಭಾಟಿಯ 1993ರಲ್ಲಿ ಅರ್ಜಿಪತ್ರವನ್ನು ಮಾರಾಟಪತ್ರದ ಜೊತೆಗಿಟ್ಟು, ಎರಡರದೂ ಪ್ರಚಾರದ ಉದ್ದೇಶವೆಂದು ವಿಶ್ಲೇಷಿಸಿದರು. ಆ ಉದ್ದೇಶ ಒಪ್ಪಿತವಾದರೂ, ಪ್ರಚಾರದ ಭಾಷೆಯನ್ನು ತಿದ್ದುವವರು ಒದಗಿಸತೊಡಗಿದರೆ ಪತ್ರದ ಕರ್ತೃತ್ವವೇ ಬದಲಾಗುತ್ತದೆ.

5. ಪರಿಷ್ಕೃತ ಪಾಠ

ಐ ಆಮ್ ಅಪ್ಲೈಯಿಂಗ್ ಫಾರ್ ದಿ ಪೋಸ್ಟ್ ಆಫ್ ಕ್ವಾಲಿಟಿ ಇನ್ಸ್‌ಪೆಕ್ಟರ್ ಇನ್ ಯುವರ್ ಕಂಪನಿ. ಆಫ್ಟರ್ ಮೈ ಡಿಪ್ಲೊಮಾ ಇನ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟೂ ಇಯರ್ಸ್ ಇನ್ ಎ ಮೆಷಿನ್ ಶಾಪ್, ಇನ್ ಕ್ವಾಲಿಟಿ ಚೆಕಿಂಗ್. ಐ ಚೆಕ್ ಶಾಫ್ಟ್ಸ್ ವಿತ್ ಎ ಮೈಕ್ರೋಮೀಟರ್, ಅಂಡ್ ಇಫ್ ತ್ರೀ ಪೀಸಸ್ ಕಮ್ ರಾಂಗ್ ಒನ್ ಆಫ್ಟರ್ ಅನದರ್, ಐ ಸ್ಟಾಪ್ ದಿ ಮೆಷಿನ್ ಅಂಡ್ ಕಾಲ್ ದಿ ಸೆಟರ್. ಮೈ ಸೂಪರ್‌ವೈಸರ್ ವಾಸ್ ಸ್ಕೋಲ್ಡಿಂಗ್ ಮಿ ಇನ್ ದಿ ಬಿಗಿನಿಂಗ್. ಆಫ್ಟರ್‌ವರ್ಡ್ಸ್ ಹಿ ಹಿಮ್‌ಸೆಲ್ಫ್ ಟೋಲ್ಡ್ ಅದರ್ಸ್ ಟು ಡೂ ದಿ ಸೇಮ್. ಇಫ್ ಐ ಆಮ್ ಗಿವನ್ ಎ ಚಾನ್ಸ್, ಐ ವಿಲ್ ವರ್ಕ್ ದಿ ಸೇಮ್ ವೇ ಹಿಯರ್. ಮೈ ಹೌಸ್ ಈಸ್ ಇನ್ ದಿ ವಿಲೇಜ್ ನಿಯರ್ ಯುವರ್ ಫ್ಯಾಕ್ಟರಿ, ಸೋ ಐ ಕ್ಯಾನ್ ಕಮ್ ಫಾರ್ ಎನಿ ಶಿಫ್ಟ್, ನೈಟ್ ಶಿಫ್ಟ್ ಆಲ್ಸೋ. ಕೈಂಡ್ಲಿ ಕನ್ಸಿಡರ್ ಮೈ ಅಪ್ಲಿಕೇಷನ್. ಐ ಶಲ್ ಬಿ ಥ್ಯಾಂಕ್‌ಫುಲ್.

200 ಪದಗಳು 112 ಆಗಿವೆ. ಯಂತ್ರ ನಿಲ್ಲಿಸಿದ ಪ್ರಸಂಗ 44ರಿಂದ 40ಕ್ಕೆ ಮಾತ್ರ ಇಳಿದಿರುವುದರಿಂದ ಪತ್ರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಅದೇ ಆವರಿಸಿದೆ. ‘ಆಮ್ ಚೆಕಿಂಗ್’ ಎಂಬುದು ‘ಚೆಕ್’ ಆದದ್ದಕ್ಕೆ ಆಧಾರ ಅದೇ ವಾಕ್ಯದಲ್ಲಿ ಅವರು ಬಳಸಿದ್ದ ‘ಸ್ಟಾಪ್’, ‘ಕಾಲ್’. ಕೊನೆಯ ವಾಕ್ಯದ ‘ಡೂ ದಿ ನೀಡ್‌ಫುಲ್’ ಹೋಯಿತು, ಏಕೆಂದರೆ ಕೋರಿಕೆ ‘ಕನ್ಸಿಡರ್’ನಲ್ಲೇ ಮುಗಿದಿತ್ತು, ವಿನಯಸೂಚಕವಾದ ‘ಕೈಂಡ್ಲಿ’ ಮತ್ತು ಕೃತಜ್ಞತೆ ಉಳಿದವು.

ಒಂದು ಪತ್ರದಿಂದ ಕನ್ನಡಿಗರ ಇಂಗ್ಲಿಷ್ ಬರವಣಿಗೆಯ ಬಗ್ಗೆ ಸಾಮಾನ್ಯ ತೀರ್ಮಾನ ಸಾಧ್ಯವಿಲ್ಲ. ಆದರೆ ಇಲ್ಲಿನ ಎರಡು ನಿರ್ಣಾಯಕ ತಿದ್ದುಪಡಿಗಳು, ವಾಗ್ದಾನದ್ದು ಮತ್ತು ರಾತ್ರಿ ಪಾಳಿಯದು, ಪಠ್ಯದ ಓದಿನಿಂದ ದೊರೆತವಲ್ಲ. ಬರೆದವರನ್ನು ಅವರ ಭಾಷೆಯಲ್ಲಿ ಕೇಳಿದ್ದರಿಂದ ದೊರೆತವು. ಪುನರುಕ್ತಿ ಯಾವುದೆಂದು ತಿಳಿಯಲು ಕಾಗದವೊಂದೇ ಸಾಲದು.