ಅಪಾರ್ಟ್‌ಮೆಂಟ್ ಮನೆ, ವಿದ್ಯುತ್ ಕಾರು: ಸ್ವಂತ ಚಾರ್ಜಿಂಗ್ ಪಾಯಿಂಟ್ ಇಲ್ಲದವರು ಕೊಳ್ಳಬಹುದೇ?

ವಿದ್ಯುತ್ ಕಾರು ಕೊಳ್ಳಲು ಹೊರಟ ಅಪಾರ್ಟ್‌ಮೆಂಟ್ ನಿವಾಸಿಗೆ ಮೊದಲು ಎದುರಾಗುವ ಪ್ರಶ್ನೆ ಚಾರ್ಜಿಂಗ್‌ನದು. ಸ್ವತಂತ್ರ ಮನೆಯಲ್ಲಿರುವವರು ಗೇಟಿನೊಳಗೆ ಕಾರು ನಿಲ್ಲಿಸಿ, ಗೋಡೆಯ ಸಾಕೆಟ್ಟಿಗೆ ಪ್ಲಗ್ ಹಾಕಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ತುಂಬಿರುತ್ತದೆ. ಮನೆ ನಾಲ್ಕನೇ ಮಹಡಿಯಲ್ಲಿ, ಪಾರ್ಕಿಂಗ್ ಬೇಸ್‌ಮೆಂಟಿನಲ್ಲಿ ಇರುವವರಿಗೆ ಈ ಅನುಕೂಲ ತಾನಾಗಿ ಸಿಗುವುದಿಲ್ಲ. ಹಾಗೆಂದು ಅವರಿಗೆ ವಿದ್ಯುತ್ ಕಾರು ಒಗ್ಗುವುದೇ ಇಲ್ಲ ಎಂದು ತೀರ್ಮಾನಿಸಬೇಕಿಲ್ಲ. ಕಾರು ದಿನದಲ್ಲಿ ಹೆಚ್ಚು ಹೊತ್ತು ನಿಂತಿರುವ ಜಾಗದಲ್ಲಿ ಅದಕ್ಕೆ ಕರೆಂಟು ಸಿಗುತ್ತದೆಯೇ, ಸಿಗದಿದ್ದರೆ ಹೊರಗಿನ ಕರೆಂಟಿಗೆ ಎಷ್ಟು ಹಣ, ಎಷ್ಟು ಹೊತ್ತು ತೆರಬೇಕಾಗುತ್ತದೆ ಎಂಬುದನ್ನು ಲೆಕ್ಕ ಹಾಕಿದರೆ ಉತ್ತರ ಸ್ಪಷ್ಟವಾಗುತ್ತದೆ.

ದಿನಕ್ಕೆ ಬೇಕಾದದ್ದು ಎಷ್ಟು?

ಉದಾಹರಣೆಗೆ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಬಳಿ ವಾಸವಿದ್ದು ಮಾರತಹಳ್ಳಿ ಕಡೆಯ ಕಚೇರಿಗೆ ಕಾರಿನಲ್ಲಿ ಹೋಗಿಬರುವ ಒಬ್ಬ ನೌಕರರನ್ನು ತೆಗೆದುಕೊಳ್ಳಬಹುದು. ದಿನಕ್ಕೆ ಸುಮಾರು 40 ಕಿಲೋಮೀಟರ್ ಓಡಾಟ. ವಾರದ ಐದು ದಿನಕ್ಕೆ 200, ಶನಿವಾರ ಭಾನುವಾರದ ತಿರುಗಾಟಕ್ಕೆ ಇನ್ನೊಂದು 50 ಎಂದರೂ ವಾರಕ್ಕೆ 250, ತಿಂಗಳಿಗೆ ಸುಮಾರು 1000 ಕಿಲೋಮೀಟರ್. ಕಾರಿನ ಬ್ಯಾಟರಿ 30 ಯೂನಿಟ್ ಹಿಡಿಯುವಂಥದ್ದು ಎಂದಿಟ್ಟುಕೊಳ್ಳೋಣ. ಇಂಥ ಕಾರು ನಗರದಲ್ಲಿ ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್ ಆಸುಪಾಸು ಓಡುತ್ತದೆ. ಅಂದರೆ ಪೂರ್ತಿ ತುಂಬಿದ ಬ್ಯಾಟರಿಗೆ ಸುಮಾರು 200 ಕಿಲೋಮೀಟರ್.

ಈ ಲೆಕ್ಕದಲ್ಲಿ ದಿನದ 40 ಕಿಲೋಮೀಟರಿಗೆ ಬ್ಯಾಟರಿಯಿಂದ ಖರ್ಚಾಗುವುದು ಆರು ಯೂನಿಟ್ಟಿನಷ್ಟು ಮಾತ್ರ. ಚಾರ್ಜ್ ಮಾಡುವಾಗ ಶಾಖವಾಗಿ ಸೋರಿಹೋಗುವುದನ್ನೂ ಸೇರಿಸಿದರೆ ಗೋಡೆಯಿಂದ ಏಳು ಯೂನಿಟ್ ಬೇಕು. ಗೀಸರ್‌ಗೆ, ಏಸಿಗೆ ಬಳಸುವ ಸಾಮಾನ್ಯ 15 ಆಂಪ್ ಸಾಕೆಟ್ಟಿನಿಂದ ಕಾರಿನ ಜೊತೆಗೆ ಬರುವ ಚಾರ್ಜರ್ ಗಂಟೆಗೆ ಎರಡೂವರೆಯಿಂದ ಮೂರು ಯೂನಿಟ್ ಎಳೆಯುತ್ತದೆ. ದಿನದ ಓಡಾಟದ ಲೆಕ್ಕ ಮೂರು ಗಂಟೆಯೊಳಗೆ ಚುಕ್ತಾ ಆಗುತ್ತದೆ. ಖಾಲಿ ಬ್ಯಾಟರಿ ಪೂರ್ತಿ ತುಂಬಲು ಹತ್ತು ಹನ್ನೆರಡು ಗಂಟೆ ಹಿಡಿಯುವುದು ನಿಜ. ಆದರೆ ದಿನವೂ ಪ್ಲಗ್ ಹಾಕುವವರ ಬ್ಯಾಟರಿ ಖಾಲಿಯಾಗುವ ಸಂದರ್ಭವೇ ಅಪರೂಪ.

ಹಾಗಾಗಿ ‘ಚಾರ್ಜಿಂಗ್ ಪಾಯಿಂಟ್’ ಎಂದೊಡನೆ ಗೋಡೆಗೆ ಕೂರಿಸುವ ದುಬಾರಿ ಪೆಟ್ಟಿಗೆಯನ್ನೇ ಕಲ್ಪಿಸಿಕೊಳ್ಳಬೇಕಿಲ್ಲ. ಮನೆಯಲ್ಲಿ ಅಥವಾ ಕಚೇರಿಯಲ್ಲಿ, ಎರಡರಲ್ಲಿ ಒಂದು ಕಡೆ ಭದ್ರವಾದ ಒಂದು 15 ಆಂಪ್ ಸಾಕೆಟ್ ಸಿಕ್ಕರೂ ಈ ನೌಕರರ ನಿತ್ಯದ ಅಗತ್ಯ ಪೂರೈಸುತ್ತದೆ.

ಹೊರಗಿನ ಚಾರ್ಜಿಂಗ್ ಮಾತ್ರ ನಂಬಿದರೆ

ಎರಡೂ ಕಡೆ ಸಾಕೆಟ್ ಇಲ್ಲದಿದ್ದರೆ ಉಳಿಯುವುದು ಸಾರ್ವಜನಿಕ ಡಿಸಿ ಫಾಸ್ಟ್ ಚಾರ್ಜರ್. ಇಲ್ಲಿ ಬ್ಯಾಟರಿಯನ್ನು ಸಾಮಾನ್ಯವಾಗಿ ಶೇ 20ರಿಂದ 80ರವರೆಗೆ ತುಂಬಿಸುತ್ತಾರೆ. ಶೇ 80 ದಾಟಿದ ಮೇಲೆ ಬ್ಯಾಟರಿಯನ್ನು ಕಾಪಾಡಲು ಕಾರೇ ವೇಗ ತಗ್ಗಿಸುವುದರಿಂದ, ಕೊನೆಯ ಶೇ 20ಕ್ಕೆ ಕಾದು ಕೂರುವುದರಲ್ಲಿ ಅರ್ಥವಿಲ್ಲ. ನಮ್ಮ ಉದಾಹರಣೆಯ ಕಾರಿಗೆ ಒಂದು ಸಲಕ್ಕೆ 18 ಯೂನಿಟ್, ಅಂದರೆ ಸುಮಾರು 125 ಕಿಲೋಮೀಟರಿನ ಶಕ್ತಿ ಸಿಗುತ್ತದೆ. ವಾರದ 250 ಕಿಲೋಮೀಟರಿಗೆ ಎರಡು ಸಲ ಹೋಗಬೇಕು. ಈ ದರ್ಜೆಯ ಕಾರುಗಳಲ್ಲಿ ಒಂದು ಸಲಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಸರದಿ ಇದ್ದರೆ, ಯಂತ್ರ ಕೆಟ್ಟಿದ್ದರೆ, ಚಾರ್ಜಿಂಗ್ ಜಾಗದಲ್ಲಿ ಪೆಟ್ರೋಲ್ ಕಾರು ನಿಂತಿದ್ದರೆ ಇನ್ನೂ ಹೆಚ್ಚು. ತಿಂಗಳಿಗೆ ಎಂಟು ಒಂಬತ್ತು ಗಂಟೆ ಇದಕ್ಕೇ ಮೀಸಲು.

ಇನ್ನು ಹಣದ ಲೆಕ್ಕ. ತಿಂಗಳ 1000 ಕಿಲೋಮೀಟರಿಗೆ ಮನೆಯ ಕರೆಂಟು ಸುಮಾರು 165 ಯೂನಿಟ್ ಬೇಕು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಸಾವಿರ ರೂಪಾಯಿ. ಸಾರ್ವಜನಿಕ ಫಾಸ್ಟ್ ಚಾರ್ಜರ್‌ನಲ್ಲಿ ಶೇ 18 ಜಿಎಸ್‌ಟಿ ಸೇರಿ ಯೂನಿಟ್ಟಿಗೆ 22 ರೂಪಾಯಿ ಎಂದರೆ ಅದೇ ಓಡಾಟಕ್ಕೆ 3300 ರೂಪಾಯಿ. ಲೀಟರಿಗೆ 14 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ, ಬೆಂಗಳೂರಿನಲ್ಲಿ ನೂರು ರೂಪಾಯಿ ದಾಟಿದ ದರದಲ್ಲಿ, ಸುಮಾರು 7300 ರೂಪಾಯಿ ಬೇಕು.

ಸಮಾನ ದರ್ಜೆಯ ಪೆಟ್ರೋಲ್ ಕಾರಿಗಿಂತ ವಿದ್ಯುತ್ ಕಾರಿನ ಬೆಲೆ ಮೂರು ಲಕ್ಷ ರೂಪಾಯಿ ಹೆಚ್ಚು ಎಂದುಕೊಂಡರೆ, ಸಾಕೆಟ್ ಇರುವವರಿಗೆ ತಿಂಗಳಿಗೆ 6300 ರೂಪಾಯಿ ಉಳಿದು ನಾಲ್ಕು ವರ್ಷದಲ್ಲಿ ಆ ಹಣ ವಾಪಸು ಬರುತ್ತದೆ. ಫಾಸ್ಟ್ ಚಾರ್ಜರ್ ಮಾತ್ರ ನೆಚ್ಚಿದವರಿಗೆ ತಿಂಗಳ ಉಳಿತಾಯ 4000. ಆರು ವರ್ಷಕ್ಕೂ ಹೆಚ್ಚು ಕಾಯಬೇಕು. ತಿಂಗಳಿಗೆ 500 ಕಿಲೋಮೀಟರ್ ಮಾತ್ರ ಓಡಿಸುವವರು ಹೊರಗಿನ ಚಾರ್ಜಿಂಗ್ ನಂಬಿದರೆ ಹನ್ನೆರಡು ವರ್ಷಕ್ಕೂ ಹಣ ಹುಟ್ಟುವುದಿಲ್ಲ. ಕಾರು ಬೇಗ ಮಾರುವ ಯೋಚನೆ ಇರುವವರಿಗಂತೂ ಇದು ನಷ್ಟದ ಬಾಬತ್ತೇ.

ಬ್ಯಾಟರಿಯ ಆರೋಗ್ಯವನ್ನೂ ಮರೆಯುವಂತಿಲ್ಲ. ಸದಾ ಫಾಸ್ಟ್ ಚಾರ್ಜಿಂಗ್ ಮಾಡಿದರೆ ಬ್ಯಾಟರಿ ಹೆಚ್ಚು ಕಾಯುತ್ತದೆ, ಅದರ ಸಾಮರ್ಥ್ಯ ತುಸು ಬೇಗ ಕುಗ್ಗುತ್ತದೆ. ಈಗ ಅನೇಕ ಕಾರುಗಳಲ್ಲಿ ಬಳಕೆಯಲ್ಲಿರುವ ಎಲ್‌ಎಫ್‌ಪಿ ಬ್ಯಾಟರಿಯನ್ನು ಆಗಾಗ ನಿಧಾನವಾಗಿ ಶೇ 100ರವರೆಗೆ ತುಂಬಿಸದಿದ್ದರೆ, ಉಳಿದಿರುವ ಚಾರ್ಜನ್ನು ಕಾರು ತಪ್ಪಾಗಿ ಅಂದಾಜು ಮಾಡತೊಡಗುತ್ತದೆ. ಪರದೆಯ ಮೇಲೆ ಶೇ 15 ಎಂದಿದ್ದದ್ದು ಒಮ್ಮೆಲೇ ಶೇ 5ಕ್ಕೆ ಇಳಿಯುವುದು ಇದರ ಲಕ್ಷಣ. ಆದ್ದರಿಂದ ಹೊರಗೆ ಚಾರ್ಜ್ ಮಾಡುವವರೂ ತಿಂಗಳಿಗೆ ಕೆಲವು ಸಲವಾದರೂ ನಿಧಾನ ಚಾರ್ಜಿಂಗ್ ಸಿಗುವ ಜಾಗ ಹುಡುಕಿಕೊಳ್ಳಬೇಕಾಗುತ್ತದೆ.

ಬೇಸ್‌ಮೆಂಟಿಗೆ ಕರೆಂಟು ತರುವುದು ಹೇಗೆ?

ಇಷ್ಟು ನೋಡಿದರೆ ಕಾರಿನ ಶೋರೂಮಿಗೆ ಹೋಗುವ ಮೊದಲು ನಿವಾಸಿಗಳ ಸಂಘದ ಜೊತೆ ಮಾತನಾಡುವುದೇ ಲೇಸು. ಬಹುತೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಎಲ್ಲ ಮನೆಗಳ ಮೀಟರುಗಳು ನೆಲಮಹಡಿ ಅಥವಾ ಬೇಸ್‌ಮೆಂಟಿನ ಒಂದೇ ಫಲಕದಲ್ಲಿರುತ್ತವೆ. ಅಲ್ಲಿಂದ ಪಾರ್ಕಿಂಗ್ ಜಾಗಕ್ಕೆ ಪ್ರತ್ಯೇಕ ಕೇಬಲ್ ಎಳೆಯುವುದು ದೊಡ್ಡ ಕೆಲಸವಲ್ಲ. ಮನೆಗೆ ಈಗಾಗಲೇ ಇರುವ ವಿದ್ಯುತ್ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಿಕೊಳ್ಳಬಹುದು ಎಂದು ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿ ಹೇಳುತ್ತದೆ. 2024ರಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ, ಚಾರ್ಜಿಂಗ್‌ಗೆಂದೇ ಬೇರೆ ಸಂಪರ್ಕವನ್ನೂ ಕೇಳಿ ಪಡೆಯಬಹುದು.

ಎರಡರಲ್ಲಿ ಯಾವುದು ಒಳ್ಳೆಯದು? ಕರ್ನಾಟಕದಲ್ಲಿ ಇದಕ್ಕೆ ಗೃಹಜ್ಯೋತಿಯ ಲೆಕ್ಕವೂ ಸೇರುತ್ತದೆ. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಆ ಯೋಜನೆಯಲ್ಲಿ ಪೂರ್ತಿ ಬಿಲ್ ಕಟ್ಟಬೇಕು. ಕಾರಿನ 165 ಯೂನಿಟ್ ಮನೆಯ ಮೀಟರಿಗೇ ಸೇರಿದರೆ ಹೆಚ್ಚಿನ ಕುಟುಂಬಗಳು ಈ ಗೆರೆ ದಾಟುತ್ತವೆ. ಅಲ್ಲಿಯವರೆಗೆ ಸೊನ್ನೆಯಿದ್ದ ಬಿಲ್ಲಿನಲ್ಲಿ ಕಾರಿನ ಜೊತೆಗೆ ಮನೆಯ ಕರೆಂಟಿನ ಹಣವೂ ಸೇರಿಕೊಳ್ಳುತ್ತದೆ. ಅಂಥವರಿಗೆ ಬೇರೆ ಮೀಟರೇ ಲಾಭ. ವಿದ್ಯುತ್ ವಾಹನಗಳ ಚಾರ್ಜಿಂಗ್‌ಗೆ ರಾಜ್ಯದಲ್ಲಿ ಪ್ರತ್ಯೇಕ ದರವರ್ಗವೂ ಇದೆ. ಆದರೆ ಅದಕ್ಕೆ ತಿಂಗಳ ನಿಗದಿತ ಶುಲ್ಕ ಇರುವುದರಿಂದ, ಕಡಿಮೆ ಓಡಿಸುವವರು ಎರಡನ್ನೂ ತೂಗಿ ನೋಡಬೇಕು. ಮನೆಯ ಮೀಟರನ್ನೇ ಬಳಸುವವರು ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ಬೆಸ್ಕಾಂಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಬೇಕು.

ಕೆಲಸ ಮಾಡಿಸುವಾಗ ಜಿಪುಣತನ ಸಲ್ಲದು. ಗೀಸರ್ ಹದಿನೈದು ನಿಮಿಷ ಉರಿದು ಆರುತ್ತದೆ. ಕಾರು ಅಷ್ಟೇ ಕರೆಂಟನ್ನು ಗಂಟೆಗಟ್ಟಲೆ ಎಡೆಬಿಡದೆ ಎಳೆಯುತ್ತದೆ. ಸಡಿಲವಾದ ಸಾಕೆಟ್, ತೆಳುವಾದ ವೈರು ಇದನ್ನು ತಾಳುವುದಿಲ್ಲ. ಕನಿಷ್ಠ 4 ಚದರ ಮಿಲಿಮೀಟರ್‌ನ ತಾಮ್ರದ ಕೇಬಲ್, ಕಾರಿಗೆಂದೇ ಪ್ರತ್ಯೇಕ ಎಂಸಿಬಿ, 30 ಮಿಲಿಆಂಪ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ, ಒಳ್ಳೆಯ ಅರ್ತಿಂಗ್ ಇರಬೇಕು. ದೂರ ಹೆಚ್ಚಿದ್ದರೆ ಕೇಬಲ್ ಇನ್ನೂ ದಪ್ಪವಿರಬೇಕು. ಅರ್ತಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಕೆಲಸವನ್ನೇ ಆರಂಭಿಸುವುದಿಲ್ಲ. ಚಾರ್ಜಿಂಗ್ ಶುರುವಾಗಿ ಅರ್ಧ ಗಂಟೆಯಾದ ಮೇಲೆ ಪ್ಲಗ್ಗನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದರೆ, ಸಾಕೆಟ್ಟಿನ ತೂತುಗಳ ಸುತ್ತ ಕಂದುಬಣ್ಣ ಕಂಡರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ತಕ್ಷಣ ಎಂಸಿಬಿ ಆರಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು. ಬಾಲ್ಕನಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಇಳಿಬಿಟ್ಟು ಚಾರ್ಜ್ ಮಾಡುವ ಸಾಹಸವನ್ನಂತೂ ಯಾರೂ ಮಾಡಬಾರದು.

ಸಂಘ ಒಪ್ಪಬೇಕಾದ ಮಾತು

ಟ್ರಾನ್ಸ್‌ಫಾರ್ಮರ್ ತಡೆಯುತ್ತದೆಯೇ ಎಂಬುದು ಸಂಘಗಳು ಎತ್ತುವ ದೊಡ್ಡ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ಇಪ್ಪತ್ತು ಕಾರುಗಳು ಸಂಜೆ ಏಳಕ್ಕೆ ಒಟ್ಟಿಗೇ ಚಾರ್ಜ್ ಆಗತೊಡಗಿದರೆ 60 ಕಿಲೋವಾಟ್ ಹೊರೆ ಬೀಳುತ್ತದೆ. ಲಿಫ್ಟು, ನೀರಿನ ಪಂಪು, ಎಲ್ಲ ಮನೆಗಳ ಅಡುಗೆ ಉಪಕರಣಗಳು ದುಡಿಯುವ ಹೊತ್ತು ಅದು. ಆದರೆ ಪ್ರತಿ ಕಾರಿಗೆ ಬೇಕಾದದ್ದು ಮೂರು ಗಂಟೆ ಮಾತ್ರ. ರಾತ್ರಿ ಹನ್ನೊಂದರಿಂದ ಬೆಳಗಿನ ಐದರೊಳಗೆ ಎರಡು ತಂಡವಾಗಿ ಟೈಮರ್ ಇಟ್ಟರೆ ಹೊರೆ 30 ಕಿಲೋವಾಟಿಗೆ ಇಳಿಯುತ್ತದೆ. ಆ ಹೊತ್ತಿಗೆ ಕಟ್ಟಡದ ಉಳಿದ ಬಳಕೆಯೂ ತಗ್ಗಿರುತ್ತದೆ. ಕರೆಂಟು ಹೋದಾಗ ಜನರೇಟರಿನಿಂದ ಕಾರು ಚಾರ್ಜ್ ಆಗದಂತೆ ಸಂಪರ್ಕ ಕೊಡುವುದೂ ಮುಖ್ಯ. ಡೀಸೆಲ್ಲಿನ ಕರೆಂಟು ದುಬಾರಿ, ಅದರ ಹೊರೆ ಎಲ್ಲರ ಮೇಲೆ ಬೀಳುತ್ತದೆ.

ಸಂದರ್ಶಕರ ಪಾರ್ಕಿಂಗ್‌ನಲ್ಲಿ ಏಳು ಕಿಲೋವಾಟಿನ ಒಂದೇ ಚಾರ್ಜರ್ ಹಾಕಿಸಿ ಎಲ್ಲರೂ ಹಂಚಿಕೊಳ್ಳೋಣ ಎಂದು ಕೆಲವು ಸಂಘಗಳು ಮುಂದಾಗುತ್ತವೆ. ಕಾಗದದ ಮೇಲೆ ಅದು ಒಂದು ರಾತ್ರಿಗೆ ಏಳೆಂಟು ಕಾರುಗಳಿಗೆ ಸಾಕು. ಆದರೆ ರಾತ್ರಿ ಒಂದು ಗಂಟೆಗೆ ಎದ್ದು ಬಂದು ಕಾರು ಜರುಗಿಸುವವರು ಯಾರು? ಕಾರ್ಯತಃ ರಾತ್ರಿಗೆ ಒಂದೋ ಎರಡೋ ಕಾರಿಗೆ ಮಾತ್ರ ಅದು ದಕ್ಕುತ್ತದೆ, ಆಮೇಲೆ ಜಗಳ. ಅದೇ ಹಣದಲ್ಲಿ ಹಲವು ಪಾರ್ಕಿಂಗ್ ಜಾಗಗಳಿಗೆ ಒಂದೊಂದು 15 ಆಂಪ್ ಸಾಕೆಟ್, ಬಳಸಿದಷ್ಟಕ್ಕೆ ಹಣ ಪಡೆಯಲು ಒಂದೊಂದು ಸಬ್‌ಮೀಟರ್ ಕೊಟ್ಟರೆ ಹೆಚ್ಚು ಜನರಿಗೆ ಉಪಯೋಗ.

ತೀರ್ಮಾನ

ಪಾರ್ಕಿಂಗ್‌ನಲ್ಲಿ ಸಾಕೆಟ್ ಹಾಕಿಸಲು ಸಂಘದ ಒಪ್ಪಿಗೆ ಲಿಖಿತವಾಗಿ ಸಿಕ್ಕವರು, ಇಲ್ಲವೇ ಕಚೇರಿಯಲ್ಲಿ ವಾರಕ್ಕೆ ಮೂರು ದಿನವಾದರೂ ಪ್ಲಗ್ ಸಿಗುವುದು ಖಚಿತವಿರುವವರು ಧೈರ್ಯವಾಗಿ ವಿದ್ಯುತ್ ಕಾರು ಕೊಳ್ಳಬಹುದು. ಎರಡೂ ಇಲ್ಲದವರು ತಿಂಗಳಿಗೆ 1000 ಕಿಲೋಮೀಟರಿಗಿಂತ ಹೆಚ್ಚು ಓಡಿಸುವವರಾಗಿದ್ದು, ನಿತ್ಯದ ದಾರಿಯಲ್ಲೇ ಎರಡು ಬೇರೆ ಬೇರೆ ಕಡೆ ಕೆಡದೆ ಕೆಲಸ ಮಾಡುವ ಫಾಸ್ಟ್ ಚಾರ್ಜರುಗಳಿದ್ದರೆ ಮಾತ್ರ ಯೋಚಿಸಬಹುದು. ಕೊಳ್ಳುವ ಮೊದಲು ಒಂದು ವಾರ ತಾವು ಚಾರ್ಜ್ ಮಾಡಬೇಕೆಂದಿರುವ ಹೊತ್ತಿನಲ್ಲೇ ಅಲ್ಲಿಗೆ ಹೋಗಿ, ಯಂತ್ರ ನಡೆಯುತ್ತಿದೆಯೇ, ಸರದಿ ಎಷ್ಟಿದೆ ಎಂದು ಕಣ್ಣಾರೆ ನೋಡಿಬರಬೇಕು. ಓಡಾಟ ಕಡಿಮೆ, ಸಾಕೆಟ್ಟೂ ಇಲ್ಲ ಎನ್ನುವವರಿಗೆ ಸದ್ಯಕ್ಕೆ ಪೆಟ್ರೋಲ್ ಕಾರೇ ಸರಿ. ಅಂಥವರು ಮುಂಗಡ ಕೊಡುವ ಬದಲು ಸಂಘದ ಮುಂದಿನ ಸಭೆಯಲ್ಲಿ ಸಾಕೆಟ್ಟಿನ ಪ್ರಸ್ತಾಪ ಇಡುವುದು ಒಳಿತು.