ಕಾಳಿನ ಎರಡೂ ಮಗ್ಗುಲು ನೋಡಿ

ಡಿಸೆಂಬರ್ ಕೊನೆಯ ಹೊತ್ತಿಗೆ ಕಲಬುರಗಿ ಸೀಮೆಯಲ್ಲಿ ತೊಗರಿ ರಾಶಿ ಶುರುವಾಗುತ್ತದೆ. ಅದರ ಬೆನ್ನಿಗೇ ವಾಟ್ಸ್‌ಆ್ಯಪ್‌ನಲ್ಲಿ ಕಾಳಿನ ಫೋಟೊಗಳ ಓಡಾಟ. ಬೊಗಸೆಯಲ್ಲಿ ಕಾಳು ಹಿಡಿದು ಫೋಟೊ ತೆಗೆದು ಕೆಲವರು ಅಡತಿ ಅಂಗಡಿಗೆ ಕಳಿಸಿ ದರ ವಿಚಾರಿಸುತ್ತಾರೆ. ಕೆಲವರು ಕೃಷಿ ಅಧಿಕಾರಿಗೆ ಕಳಿಸಿ, ‘ಸರ, ಇದನ್ನ ಬೀಜಕ್ಕ ಇಟ್ಕೋಬಹುದೇನ್ರಿ?’ ಎಂದು ಕೇಳುತ್ತಾರೆ. ಬೊಗಸೆಯ ಫೋಟೊದಿಂದ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಕಾಳಿನ ಮೇಲೆ ಕಾಳು ಬಿದ್ದಿರುತ್ತದೆ, ಕೈಯ ನೆರಳು ಕಪ್ಪು ಕಲೆಯಂತೆ ಕಾಣುತ್ತದೆ, ಎಷ್ಟು ಕಾಳಿವೆ ಎಂಬ ಲೆಕ್ಕವೇ ಸಿಗುವುದಿಲ್ಲ. ಅದೇ ಮೊಬೈಲ್‌ನಿಂದ ಸ್ವಲ್ಪ ಕ್ರಮವಾಗಿ ಫೋಟೊ ತೆಗೆದರೆ ಕಾಳಿನ ಬಗ್ಗೆ ಬಹಳಷ್ಟು ತಿಳಿಯುತ್ತದೆ.

ಮೊದಲು ಮಾದರಿ ಸರಿಯಾಗಿರಬೇಕು. ಚೀಲದ ಬಾಯಲ್ಲಿ ಕಂಡ ಕಾಳನ್ನಷ್ಟೇ ತೆಗೆದರೆ ಸಾಲದು. ಮೇಲಿನಿಂದ, ನಡುವಿನಿಂದ, ತಳದಿಂದ, ಹೀಗೆ ಹಲವು ಚೀಲಗಳಿಂದ ಹಿಡಿ ಹಿಡಿ ತೆಗೆದು ಚೆನ್ನಾಗಿ ಕಲಸಬೇಕು. ಅದರಿಂದ ಆರಿಸದೆ 400 ಕಾಳು ಎಣಿಸಿ, ನೂರು ನೂರರ ನಾಲ್ಕು ಪಾಲು ಮಾಡಬೇಕು. ನೂರೇ ಕಾಳು ಯಾಕೆ ಸಾಲದು? ನೂರರಲ್ಲಿ 4 ತೂತುಕಾಳು ಸಿಕ್ಕವು ಎನ್ನಿ. ಇಡೀ ರಾಶಿಯಲ್ಲಿ ತೂತಿನ ಪ್ರಮಾಣ ಶೇ 1ರಷ್ಟೂ ಇರಬಹುದು, ಶೇ 10ರ ಹತ್ತಿರವೂ ಇರಬಹುದು. 400ರಲ್ಲಿ 16 ಸಿಕ್ಕರೆ ಆ ಅಂದಾಜು ಸುಮಾರು ಶೇ 2ರಿಂದ 6ರ ನಡುವೆ ಬಂದು ನಿಲ್ಲುತ್ತದೆ.

ತೊಗರಿಯ ಕಂದು ಬಣ್ಣ ಎದ್ದು ಕಾಣಲು ನೀಲಿ ಹಾಳೆ ಒಳ್ಳೆಯದು. ಕಾಳುಗಳನ್ನು ಒಂದಕ್ಕೊಂದು ತಾಗದಂತೆ ಹರಡಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಮತ್ತು ಬಿಳಿ ಕಾಗದದ ತುಂಡು ಇಡಿ. ಬಿಳಿ ಕಾಗದ ಫೋಟೊದಲ್ಲಿ ಹಳದಿಯಾಗಿ ಕಂಡರೆ ಕಾಳಿನ ಬಣ್ಣವನ್ನೂ ನಂಬುವಂತಿಲ್ಲ. ನೇರ ಬಿಸಿಲೂ ಬೇಡ, ಫ್ಲ್ಯಾಶ್ ಅಂತೂ ಬೇಡವೇ ಬೇಡ. ನುಣುಪಾದ ಸಿಪ್ಪೆಯ ಮೇಲೆ ಫ್ಲ್ಯಾಶ್ ಬಿದ್ದರೆ ಬಿಳಿ ಚುಕ್ಕೆ ಮೂಡುತ್ತದೆ, ಅದು ಹುಳುವಿನ ಮೊಟ್ಟೆಯಂತೆಯೇ ಕಾಣುತ್ತದೆ. ಮೋಡದ ದಿನ ಪಡಸಾಲೆಯಲ್ಲಿ ಬೀಳುವ ಬೆಳಕು ಸಾಕು.

ಮುಖ್ಯವಾದ ಹೆಜ್ಜೆ ಮುಂದಿದೆ. ಮೇಲಿನಿಂದ ತೆಗೆದ ಫೋಟೊದಲ್ಲಿ ಕಾಣುವುದು ಕಾಳಿನ ಒಂದೇ ಮಗ್ಗುಲು. ತೂತು ಯಾವ ಮಗ್ಗುಲಿಗಾದರೂ ಇರಬಹುದಾದ್ದರಿಂದ ಒಂದೇ ಫೋಟೊ ಹೆಚ್ಚುಕಡಿಮೆ ಅರ್ಧ ತೂತುಗಳನ್ನಷ್ಟೇ ತೋರಿಸುತ್ತದೆ. ಹಾಗಾಗಿ ಪ್ರತಿ ಕಾಳನ್ನೂ ಅದಿದ್ದ ಜಾಗದಲ್ಲೇ ಮಗುಚಿ ಎರಡನೆಯ ಫೋಟೊ ತೆಗೆಯಬೇಕು.

ಇನ್ನು ಫೋಟೊ ಹಿಗ್ಗಿಸಿ ನೋಡೋಣ. ದ್ವಿದಳ ಧಾನ್ಯಕ್ಕೆ ಬೀಳುವ ದುಂಬಿಯ ಹೆಣ್ಣು ಸಿಪ್ಪೆಯ ಮೇಲೆ ಗಸಗಸೆಗಿಂತ ಸಣ್ಣ ಮೊಟ್ಟೆಯನ್ನು ಅಂಟಿಸುತ್ತದೆ. ಹೊಸ ಮೊಟ್ಟೆ ಹೊಳೆಯುತ್ತದೆ, ಆರುಪಾರು ಕಾಣುವಂತಿರುತ್ತದೆ. ಒಡೆದು ಹೊರಬರುವ ಮರಿ ಹೊರಗೆ ಓಡಾಡುವುದೇ ಇಲ್ಲ, ಮೊಟ್ಟೆಯ ತಳದಿಂದಲೇ ಸಿಪ್ಪೆ ಕೊರೆದು ಕಾಳಿನೊಳಗೆ ಇಳಿಯುತ್ತದೆ. ಕೊರೆದ ಪುಡಿ ಖಾಲಿ ಮೊಟ್ಟೆಯೊಳಗೆ ತುಂಬಿಕೊಳ್ಳುವುದರಿಂದ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಕಾಳಿನ ಮೇಲೆ ಹೀಗೆ ಬೆಳ್ಳಗಾದ ಚುಕ್ಕೆ ಇದ್ದರೆ, ತೂತು ಕಾಣದಿದ್ದರೂ ಮರಿ ಒಳಗಿದೆ ಎಂದೇ ಲೆಕ್ಕ. ಮರಿ ಒಳಗೆ ಬೇಳೆ ತಿಂದು ಬೆಳೆದು, ಹೊರಬರುವ ಮೊದಲು ಸಿಪ್ಪೆಯ ತೆಳು ಪದರವೊಂದನ್ನು ಮಾತ್ರ ಉಳಿಸುತ್ತದೆ. ಆಗ ಅಲ್ಲಿ ದುಂಡಗೆ ಮಂಕಾದ ಕಲೆ ಕಾಣುತ್ತದೆ. ಮುಂದೆ ಅದೇ ತೂತು. ಮೊಟ್ಟೆಯಿಂದ ದುಂಬಿಯಾಗಲು ಬೆಚ್ಚನೆಯ ದಿನಗಳಲ್ಲಿ ಸುಮಾರು ನಾಲ್ಕು ವಾರ ಸಾಕು. ಹಾಗಾಗಿ ತೂತು ಆಗಿಹೋದ ನಷ್ಟವನ್ನು ಹೇಳಿದರೆ, ಬಿಳಿ ಮೊಟ್ಟೆ ಬರುವ ತಿಂಗಳ ನಷ್ಟವನ್ನು ಹೇಳುತ್ತದೆ.

ಇಲ್ಲಿ ಮೋಸ ಹೋಗುವುದೂ ಸುಲಭ. ತೊಗರಿಯ ಕಣ್ಣಿನ ಹತ್ತಿರದ ಬಿಳಿ ಗುರುತನ್ನು ಮೊಟ್ಟೆಯೆಂದು ಎಣಿಸುವವರಿದ್ದಾರೆ. ಫೋಟೊ ನೋಡಿ ಕಾಳು ವಿಂಗಡಿಸುವ ಕಂಪ್ಯೂಟರ್ ತಂತ್ರಾಂಶವೂ, ಕಣ್ಣು ಯಾವುದು ಮೊಟ್ಟೆ ಯಾವುದು ಎಂದು ಬೇರೆಬೇರೆಯಾಗಿ ಗುರುತಿಸಿದ ಚಿತ್ರಗಳಿಂದ ಕಲಿಯದಿದ್ದರೆ ಇದೇ ತಪ್ಪು ಮಾಡುತ್ತದೆ. ಕಣ್ಣು ಎಲ್ಲ ಕಾಳಿನಲ್ಲೂ ಒಂದೇ ಜಾಗದಲ್ಲಿರುತ್ತದೆ, ಮೊಟ್ಟೆ ಎಲ್ಲಿ ಬೇಕಾದರೂ ಇರಬಹುದು. ತೂತೋ ನೆರಳೋ ಎಂಬ ಅನುಮಾನ ಬಂದರೆ ಬೆಳಕಿನ ದಿಕ್ಕು ಬದಲಿಸಿ ಇನ್ನೊಂದು ಫೋಟೊ ತೆಗೆಯಿರಿ. ನೆರಳು ಜಾಗ ಬದಲಿಸುತ್ತದೆ, ತೂತು ಬದಲಿಸುವುದಿಲ್ಲ.

ಬಿರುಕು ಬಿಟ್ಟ ಕಾಳಿನಲ್ಲಿ ಕಂದು ಸಿಪ್ಪೆಯ ನಡುವೆ ಬೇಳೆಯ ಬಣ್ಣದ ಗೆರೆ ಇಣುಕುತ್ತದೆ. ರಾಶಿ ಮಾಡುವ ಯಂತ್ರದ ವೇಗ ಹೆಚ್ಚಾದಾಗ, ಕಾಳು ಅತಿಯಾಗಿ ಒಣಗಿದಾಗ ಇದು ಹೆಚ್ಚು. ಕೂದಲೆಳೆಯಷ್ಟು ತೆಳುವಾದ ಬಿರುಕು ಮಾತ್ರ ಫೋಟೊಕ್ಕೆ ಸಿಗುವುದಿಲ್ಲ. ಅಂಥ ಕಾಳನ್ನು ಹತ್ತು ನಿಮಿಷ ನೀರಿಗೆ ಹಾಕಿದರೆ ಗಟ್ಟಿ ಸಿಪ್ಪೆಯವು ಹಾಗೇ ಉಳಿಯುತ್ತವೆ, ಬಿರುಕಿದ್ದವು ಬೇಗ ಉಬ್ಬಿ ಸುಕ್ಕುಗಟ್ಟುತ್ತವೆ. ಬೂಷ್ಟು ಸಾಮಾನ್ಯವಾಗಿ ಬಿರುಕಿನ ಅಂಚಿನಲ್ಲಿ, ಕಣ್ಣಿನ ಬಳಿ ಮೊದಲು ಕಾಣಿಸುತ್ತದೆ. ಹಿಗ್ಗಿಸಿದಾಗ ಎಳೆಎಳೆಯಾಗಿ, ಬಿಳಿ, ಹಸಿರುಹಳದಿ ಅಥವಾ ಕಪ್ಪು ಬಣ್ಣದಲ್ಲಿರುತ್ತದೆ. ತೂತಿನ ಸುತ್ತ ಇರುವ ಬಿಳಿ ಪುಡಿ ಬೂಷ್ಟಲ್ಲ, ಹುಳು ಕೊರೆದ ಹಿಟ್ಟು. ಒರೆಸಿದರೆ ಅದು ಉದುರುತ್ತದೆ. ಕೊಯ್ಲಿನ ಹೊತ್ತಿಗೆ ಮಳೆಗೆ ಸಿಕ್ಕ ಕಾಳು ಬೂಷ್ಟಿಲ್ಲದೆಯೂ ಮಾಸಲಾಗಿರಬಹುದು. ಆದ್ದರಿಂದ ಬಣ್ಣಗೆಟ್ಟದ್ದನ್ನೂ ಬೂಷ್ಟು ಹಿಡಿದದ್ದನ್ನೂ ಬೇರೆಬೇರೆ ಎಣಿಸಬೇಕು.

ಈಗ ಒಂದು ಲೆಕ್ಕ ಮಾಡೋಣ. 400 ಕಾಳಿನ ಮೊದಲ ಫೋಟೊಗಳಲ್ಲಿ 9 ತೂತುಕಾಳು ಕಂಡವು. ಮಗುಚಿದಾಗ ಇನ್ನೂ 7 ಸಿಕ್ಕವು. ಒಟ್ಟು 16, ಅಂದರೆ ಶೇ 4. ತೂತಿಲ್ಲದ 40 ಕಾಳಿನ ಮೇಲೆ ಬೆಳ್ಳಗಾದ ಮೊಟ್ಟೆಗಳಿವೆ. ಬೆಂಬಲ ಬೆಲೆ ಖರೀದಿಯ ಮಾನದಂಡದಲ್ಲಿ ಹುಳು ಹಿಡಿದ ತೊಗರಿಗೆ ಇರುವ ಮಿತಿ ಶೇ 4. ಅಲ್ಲಿಗೆ ಈ ರಾಶಿ ಇವತ್ತು ಅಂಚಿನಲ್ಲಿದೆ. ಮೊದಲ ಫೋಟೊವನ್ನೇ ನಂಬಿದ್ದರೆ ಶೇ 2ರ ಆಸುಪಾಸು ಎಂದು ನಿಶ್ಚಿಂತರಾಗಿರುತ್ತಿದ್ದೆವು. ಒಂದು ತಿಂಗಳು ಹಾಗೇ ಇಟ್ಟು, ಮೊಟ್ಟೆಯಿದ್ದ 40 ಕಾಳಿನಲ್ಲಿ ಅರ್ಧದಿಂದ ದುಂಬಿ ಹೊರಬಂದರೂ ತೂತುಕಾಳು ಶೇ 9 ಆಗುತ್ತದೆ. ಮಾರುವುದಾದರೆ ಈಗಲೇ ಮಾರಬೇಕು. ಬಿತ್ತನೆ ಬೀಜದ ಮಾತು ಬೇರೆ. ಬೀಜ ಪ್ರಮಾಣೀಕರಣದಲ್ಲಿ ದ್ವಿದಳ ಧಾನ್ಯಕ್ಕೆ ಕೀಟದ ಹಾನಿ ಶೇ 1 ದಾಟುವಂತಿಲ್ಲ. ಆ ಅಳತೆಯಲ್ಲಿ ಈ ತೊಗರಿ ಬೀಜಕ್ಕೆ ಬರುವುದಿಲ್ಲ.

ಫೋಟೊಕ್ಕೆ ಸಿಗದ ಸಂಗತಿಗಳೂ ಇವೆ. ಖರೀದಿಗೆ ತೇವಾಂಶ ಶೇ 12 ಮೀರಬಾರದು, ಅದನ್ನು ಮಾಪಕವೇ ಹೇಳಬೇಕು. ಕೆಲವು ಬೂಷ್ಟುಗಳಿಂದ ಬರುವ ಅಫ್ಲಟಾಕ್ಸಿನ್ ವಿಷ ಕಣ್ಣಿಗೂ ಕ್ಯಾಮೆರಾಕ್ಕೂ ಕಾಣುವುದಿಲ್ಲ, ಅದಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕು. ಎರಡು ವರ್ಷ ಹಳೆಯ ಕಾಳು ನೋಡಲು ಹೊಸದರಂತೆಯೇ ಇದ್ದು ಮೊಳೆಯದೇ ಹೋಗಬಹುದು. ಪ್ರಮಾಣಿತ ತೊಗರಿ ಬೀಜದಲ್ಲಿ ನೂರಕ್ಕೆ ಕನಿಷ್ಠ 75 ಮೊಳೆಯಬೇಕು. ಅದನ್ನು ತಿಳಿಯಲು ನೂರು ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಒಂದು ವಾರ ಕಾಯುವುದೇ ದಾರಿ.

ಎರಡೂ ಮಗ್ಗುಲಿನ ಫೋಟೊದಲ್ಲಿ ಕಾಳು ಕೆಟ್ಟದ್ದೆಂದು ಕಂಡರೆ ಬೀಜಕ್ಕೆ ಇಡುವ ಯೋಚನೆಯನ್ನು ಅಲ್ಲಿಗೇ ಬಿಡಬಹುದು, ಬೇರೆ ಪರೀಕ್ಷೆಯ ಖರ್ಚು ಉಳಿಯುತ್ತದೆ. ಚೆನ್ನಾಗಿದೆ ಎಂದು ಕಂಡರೆ ಮಾತ್ರ ಅಷ್ಟಕ್ಕೇ ನಂಬಿ ಬಿತ್ತಬೇಡಿ, ಮೊಳಕೆ ನೋಡಿಯೇ ಹೊಲಕ್ಕೆ ಇಳಿಸಿ.