ಹೊಲದಲ್ಲಿ ಮೊಬೈಲ್ ಟವರ್: ಬಾಡಿಗೆಗಿಂತ ಮೊದಲು ನೋಡಬೇಕಾದದ್ದು ಕರಾರು

ಗೋಕಾಕ ತಾಲ್ಲೂಕಿನ ಮೇಲವಂಕಿಯಂಥ ಊರಿನಲ್ಲಿ ಹೊಲದ ಮಾಲೀಕರಿಗೆ ಟವರ್ ಪ್ರಸ್ತಾಪ ಎರಡು ದಾರಿಯಿಂದ ಬರುತ್ತದೆ. ಒಂದು ಮೊಬೈಲಿಗೆ ಬರುವ ಸಂದೇಶ. ಇನ್ನೊಂದು, ಕೈಯಲ್ಲಿ ಫೈಲ್ ಹಿಡಿದು ಹೊಲದ ಬದುವಿನ ಮೇಲೆ ಬಂದು ನಿಲ್ಲುವ ಮನುಷ್ಯ. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯುವಂತಿಲ್ಲ.

ಸಂದೇಶದ ವಿಷಯ ಬೇಗ ಮುಗಿಸಬಹುದು. "ನಿಮ್ಮ ಜಾಗ ಆಯ್ಕೆಯಾಗಿದೆ, ಮುಂಗಡ 20 ಲಕ್ಷ, ತಿಂಗಳಿಗೆ 30 ಸಾವಿರ ಬಾಡಿಗೆ, ಮನೆಯಲ್ಲಿ ಒಬ್ಬರಿಗೆ ನೌಕರಿ" ಎಂದು ಅದು ಶುರುವಾಗುತ್ತದೆ. ನಂತರ ನೋಂದಣಿ ಶುಲ್ಕ, ಸರ್ಕಾರದ ತೆರಿಗೆ, ವಿಮೆ ಎಂದು ಒಂದೊಂದೇ ಹೆಸರಿನಲ್ಲಿ ಹಣ ಕೇಳುತ್ತದೆ. ಜೊತೆಗೆ ಟ್ರಾಯ್ ಅಥವಾ ದೂರಸಂಪರ್ಕ ಇಲಾಖೆಯ ಮುದ್ರೆಯಿರುವ ಆಕ್ಷೇಪಣೆರಹಿತ ಪತ್ರವೂ ಬರುತ್ತದೆ. ಖಾಸಗಿ ಜಾಗದ ಬಾಡಿಗೆ ವ್ಯವಹಾರದಲ್ಲಿ ತಮ್ಮ ಪಾತ್ರವಿಲ್ಲ, ಇಂಥ ಪತ್ರವನ್ನು ತಾವು ಕೊಡುವುದಿಲ್ಲ, ಹಣವನ್ನೂ ಕೇಳುವುದಿಲ್ಲ ಎಂದು ಈ ಎರಡೂ ಸಂಸ್ಥೆಗಳು ಹಲವು ಸಲ ಪ್ರಕಟಣೆ ಹೊರಡಿಸಿವೆ. ನಿಜವಾದ ವ್ಯವಹಾರದಲ್ಲಿ ಹಣ ಕಂಪನಿಯಿಂದ ಮಾಲೀಕರ ಕಡೆಗೆ ಹರಿಯುತ್ತದೆ, ಮಾಲೀಕರಿಂದ ಕಂಪನಿಯ ಕಡೆಗೆ ಅಲ್ಲ. ಹಣ ಕಳುಹಿಸಿಯಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಇನ್ನೊಂದು ಗುರುತೂ ಇದೆ. ಟವರ್ ಎಲ್ಲಿ ಬೇಕೆಂಬುದನ್ನು ಜಾಲದ ಎಂಜಿನಿಯರ್‌ಗಳು ನಕ್ಷೆಯ ಮೇಲೆ ಮೊದಲೇ ಗುರುತು ಮಾಡಿರುತ್ತಾರೆ. ಅದರ ಸುತ್ತ ಒಂದು ಸಣ್ಣ ವೃತ್ತ ಎಳೆದು, ಆ ವೃತ್ತದೊಳಗೆ ಎರಡು ಮೂರು ಜಾಗ ಹುಡುಕುವಂತೆ ಹೇಳಿರುತ್ತಾರೆ. ಆದ್ದರಿಂದ ನಿಜವಾದ ಪ್ರತಿನಿಧಿ ಹೊಲಕ್ಕೆ ಬರುತ್ತಾನೆ, ಜಿಪಿಎಸ್‌ನಿಂದ ಜಾಗ ಗುರುತಿಸುತ್ತಾನೆ, ಫೋಟೋ ತೆಗೆಯುತ್ತಾನೆ, ಉತಾರ ಕೇಳುತ್ತಾನೆ. ಆಮೇಲೆ ಮಣ್ಣಿನ ಪರೀಕ್ಷೆಗೆ ಬೇರೆಯವರು ಬರುತ್ತಾರೆ. ಯಾರೂ ಹೊಲ ನೋಡದೆ ಮಂಜೂರಾತಿ ಬಂದರೆ ಅದು ಮೋಸವೇ. ಬಂದವನು ಯಾವ ಕಂಪನಿಯ ಪರವಾಗಿ ಬಂದಿದ್ದಾನೆ, ಆ ಕಂಪನಿ ದೂರಸಂಪರ್ಕ ಇಲಾಖೆಯ ಜಾಲತಾಣದಲ್ಲಿರುವ ನೋಂದಾಯಿತ ಮೂಲಸೌಕರ್ಯ ಕಂಪನಿಗಳ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಪಕ್ಕದ ಹೊಲದವರನ್ನೂ ಕೇಳಿದ್ದಾರೆಯೇ ಎಂದು ತಿಳಿದುಕೊಂಡರೆ ಚೌಕಾಸಿಗೆ ಎಷ್ಟು ಅವಕಾಶವಿದೆ ಎಂಬುದೂ ಗೊತ್ತಾಗುತ್ತದೆ.

ಇಲ್ಲಿಂದ ಮುಂದಿನದು ನಿಜವಾದ ಪ್ರಸ್ತಾಪದ ಮಾತು. ಒಂದು ಲೆಕ್ಕವನ್ನು ಉದಾಹರಣೆಯಾಗಿ ಹಾಕಿ ನೋಡಬಹುದು. ಮೂರು ಎಕರೆ ಕಬ್ಬಿನ ಹೊಲ, ಅದರಲ್ಲಿ ರಸ್ತೆಗೆ ಹತ್ತಿರದ 40 ಅಡಿಗೆ 50 ಅಡಿ ಜಾಗವನ್ನು ಕಂಪನಿ ಕೇಳುತ್ತದೆ. ಗುಂಟೆಗೆ 1,089 ಚದರ ಅಡಿಯಂತೆ ಇದು ಎರಡು ಗುಂಟೆಗೆ ಸ್ವಲ್ಪ ಕಡಿಮೆ. ಬಾಡಿಗೆ ತಿಂಗಳಿಗೆ ₹7,000, ಮೂರು ವರ್ಷಕ್ಕೊಮ್ಮೆ ಶೇ. 10 ಏರಿಕೆ, ಅವಧಿ 20 ವರ್ಷ ಎಂದು ಇಟ್ಟುಕೊಳ್ಳೋಣ.

ಮೊದಲಿಗೆ ಎಲ್ಲರೂ ಹಾಕುವ ಲೆಕ್ಕ ಬೆಳೆಯದು. ಎಕರೆಗೆ 40 ಟನ್ ಬೆಳೆದರೂ ಎರಡು ಗುಂಟೆಗೆ ಎರಡು ಟನ್. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹೋರಾಡಿದ ಮೇಲೆ ಸರ್ಕಾರ ಘೋಷಿಸಿದ ಟನ್ನಿಗೆ ₹3,300ರ ದರ ಹಿಡಿದರೆ, ಖರ್ಚು ಕಳೆಯುವ ಮೊದಲೇ ₹6,600. ಟವರ್ ಬಾಡಿಗೆ ವರ್ಷಕ್ಕೆ ₹84,000. ಬೆಳೆಯ ಲೆಕ್ಕದಲ್ಲಿ ಟವರ್ ಗೆದ್ದಾಯಿತು. ಆದರೆ ಮಾಲೀಕರು ಕೊಡುತ್ತಿರುವುದು ಎರಡು ಗುಂಟೆಯ ಬೆಳೆಯನ್ನು ಮಾತ್ರವಲ್ಲ. ರಸ್ತೆಯಿಂದ ಟವರಿನವರೆಗೆ ಹಗಲು ರಾತ್ರಿ ಓಡಾಡುವ ಹಕ್ಕು, ಕೇಬಲ್ ಮತ್ತು ವಿದ್ಯುತ್ ಕಂಬ ಹಾಯುವ ದಾರಿ, ಮುಂದೆ ಹೊಲ ಮಾರುವಾಗ ಅಥವಾ ವಾಟಣಿ ಮಾಡುವಾಗ ರಸ್ತೆ ಕಡೆಯ ಮುಖ, ಇವೂ 20 ವರ್ಷಕ್ಕೆ ಹೋಗುತ್ತವೆ. ಟವರ್ ಹೊಲದ ಮುಂದೆ ಬರುತ್ತದೋ ಮೂಲೆಗೆ ಬರುತ್ತದೋ ಎಂಬುದು ಬಾಡಿಗೆಯ ಸಾವಿರ ರೂಪಾಯಿಗಿಂತ ದೊಡ್ಡ ಪ್ರಶ್ನೆ. ದಾರಿಯ ಅಗಲವನ್ನು ಅಡಿಯಲ್ಲಿ ಬರೆಸಿ, ನಕ್ಷೆಯನ್ನು ಕರಾರಿಗೆ ಲಗತ್ತಿಸಬೇಕು.

ಏರಿಕೆಯ ಷರತ್ತನ್ನೂ ಬಿಡಿಸಿ ನೋಡಬೇಕು. ಮೂರು ವರ್ಷಕ್ಕೆ ಶೇ. 10 ಎಂದರೆ 20ನೇ ವರ್ಷದಲ್ಲಿ ತಿಂಗಳ ಬಾಡಿಗೆ ಸುಮಾರು ₹12,400 ಆಗುತ್ತದೆ. ಅದೇ ಪ್ರತಿ ವರ್ಷ ಶೇ. 5 ಎಂದಾಗಿದ್ದರೆ ಸುಮಾರು ₹17,700. ಹೆಚ್ಚಿನವರು ಇವತ್ತಿನ ಏಳನ್ನು ಎಂಟು ಮಾಡಿಸಲು ಹಗ್ಗಜಗ್ಗಾಟ ಮಾಡಿ, ಏರಿಕೆಯ ಸಾಲನ್ನು ಓದದೆ ಸಹಿ ಹಾಕುತ್ತಾರೆ.

ಆದರೂ ಈ ಎಲ್ಲ ಅಂಕಿಗಳು ನಿಲ್ಲುವುದು ಕಂಪನಿ 20 ವರ್ಷ ಇದ್ದರೆ ಮಾತ್ರ. ಕಂಪನಿ ಮುದ್ರಿಸಿ ತರುವ ಕರಾರಿನಲ್ಲಿ ಸಾಮಾನ್ಯವಾಗಿ ಮಾಲೀಕರು ಪೂರ್ತಿ ಅವಧಿಗೆ ಕಟ್ಟುಬಿದ್ದಿರುತ್ತಾರೆ. ಕಂಪನಿ ಮಾತ್ರ ಒಂದರಿಂದ ಮೂರು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು. ಇದು ಕಾಗದದ ಮೇಲಿನ ಭಯವಲ್ಲ. 2018ರಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಹಾಕಿತು, ಅದೇ ವರ್ಷ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಎರಡು ಜಾಲಗಳು ಸೇರಿದಾಗ ಒಂದೇ ಊರಿನಲ್ಲಿ ಎರಡು ಕಡೆ ಇದ್ದ ಉಪಕರಣದಲ್ಲಿ ಒಂದು ಬೇಡವಾಗುತ್ತದೆ. ಮಾಲೀಕರು ಬಾಡಿಗೆ ಪಡೆಯುವುದು ಬಹುಮಟ್ಟಿಗೆ ಟವರ್ ಕಂಪನಿಯಿಂದ. ಟವರ್ ಕಂಪನಿಗೆ ಹಣ ಬರುವುದು ಅಲ್ಲಿ ಆಂಟೆನಾ ಹಾಕಿದ ಜಿಯೋ, ಏರ್‌ಟೆಲ್‌ನಂಥವರಿಂದ. ಕೊನೆಯ ಗಿರಾಕಿ ಹೋದ ದಿನ ಆ ಟವರ್ ಕಂಪನಿಗೆ ಹೊರೆ. ಆದ್ದರಿಂದ ಯಾವ ಜಾಲಕ್ಕಾಗಿ ಟವರ್ ಕಟ್ಟುತ್ತಿದ್ದಾರೆ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಬಾಡಿಗೆದಾರ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಹೋದರೆ ಇನ್ನೂ ಕಷ್ಟ. 2016ರ ದಿವಾಳಿ ಸಂಹಿತೆಯ 14ನೇ ಕಲಮಿನ ಪ್ರಕಾರ ತಡೆಯಾಜ್ಞೆ ಇರುವಷ್ಟು ಕಾಲ ಕಂಪನಿಯ ವಶದಲ್ಲಿರುವ ಜಾಗವನ್ನು ಮಾಲೀಕರು ಬಿಡಿಸಿಕೊಳ್ಳುವಂತಿಲ್ಲ. ಹಳೆಯ ಬಾಕಿಗೆ ಸಾಲಗಾರರ ಸಾಲಿನಲ್ಲಿ ನಿಲ್ಲಬೇಕು. "ಬಾಡಿಗೆ ಬರದಿದ್ದರೆ ಟವರನ್ನೇ ಮಾರಿಕೊಳ್ಳುತ್ತೇವೆ" ಎಂಬ ಲೆಕ್ಕಾಚಾರವೂ ನಡೆಯುವುದಿಲ್ಲ. 2023ರ ದೂರಸಂಪರ್ಕ ಕಾಯ್ದೆಯ 14ನೇ ಕಲಂ 2024ರ ಜೂನ್ 26ರಿಂದ ಜಾರಿಯಲ್ಲಿದೆ. ಅದರಂತೆ ಟವರ್ ಹೊಲದ ಭಾಗವಲ್ಲ, ಹೊಲದ ಮೇಲಿನ ಯಾವ ಹಕ್ಕುಸಾಧನೆಯೂ ಅದಕ್ಕೆ ತಗಲುವುದಿಲ್ಲ. ಇದರಲ್ಲಿ ಮಾಲೀಕರಿಗೆ ಒಂದು ಅನುಕೂಲವೂ ಇದೆ: ಜಾಗದ ಆಸ್ತಿ ತೆರಿಗೆ ಲೆಕ್ಕ ಹಾಕುವಾಗ ಟವರನ್ನು ಅದರೊಳಗೆ ಸೇರಿಸುವಂತಿಲ್ಲ.

ಹಾಗಾಗಿ ಕರಾರಿನಲ್ಲಿ ಹಟ ಹಿಡಿಯಬೇಕಾದ ಜಾಗ ಇದು. ಮೊದಲ ಐದು ವರ್ಷವಾದರೂ ಕಂಪನಿಯೂ ಕಟ್ಟುಬಿದ್ದಿರಬೇಕು, ಅಥವಾ ಬೇಗ ಹೊರಟರೆ ಆರು ತಿಂಗಳ ಬಾಡಿಗೆ, ಅಂದರೆ ಈ ಉದಾಹರಣೆಯಲ್ಲಿ ₹42,000, ಮಾಲೀಕರಲ್ಲಿ ಉಳಿಯುವ ಠೇವಣಿ ಇರಬೇಕು. ಮೂರು ತಿಂಗಳು ಬಾಡಿಗೆ ತಪ್ಪಿದರೆ ಮಾಲೀಕರೂ ಕರಾರು ಮುಗಿಸಬಹುದು ಎಂಬ ಸಾಲು ಬೇಕು. ಹೊರಡುವಾಗ ಕಬ್ಬಿಣ ಬಿಚ್ಚಿಕೊಂಡು ಹೋದರೆ ಸಾಲದು. ಟವರಿನ ಅಡಿಪಾಯ ಎಂದರೆ ನೆಲದೊಳಗಿನ ದೊಡ್ಡ ಕಾಂಕ್ರೀಟ್ ಗಡ್ಡೆ. ಅದು ಉಳಿದರೆ ಆ ಎರಡು ಗುಂಟೆಯಲ್ಲಿ ನೇಗಿಲು ಇಳಿಯುವುದಿಲ್ಲ. ನೆಲಮಟ್ಟದಿಂದ ಕನಿಷ್ಠ ನಾಲ್ಕು ಅಡಿ ಆಳದವರೆಗೆ ಕಾಂಕ್ರೀಟ್ ತೆಗೆದು ಮಣ್ಣು ತುಂಬಿ ಕೊಡಬೇಕು, ಅಲ್ಲಿಯವರೆಗೆ ಬಾಡಿಗೆ ನಡೆಯಬೇಕು ಎಂದು ಬರೆಸುವುದು ಒಳ್ಳೆಯದು. ಹೆಸ್ಕಾಂ ಮೀಟರ್ ಕಂಪನಿಯ ಹೆಸರಿನಲ್ಲೇ ಇರಬೇಕು. ಮಾಲೀಕರ ಹೆಸರಿನಲ್ಲಿದ್ದರೆ ಬಿಲ್ಲಿನ ಬಾಕಿ ಅವರ ಹೆಗಲಿಗೇ ಬೀಳುತ್ತದೆ.

ಮಾಲೀಕರು ಎಂದರೆ ಯಾರು ಎಂಬುದೂ ಮೊದಲೇ ತೀರ್ಮಾನವಾಗಬೇಕು. ಉತಾರದಲ್ಲಿ ಹಿರಿಯಣ್ಣನ ಹೆಸರೊಂದೇ ಇದ್ದು, ಹೊಲ ಅಜ್ಜನ ಕಾಲದ್ದಾಗಿರುವ ಮನೆಗಳು ಬೆಳಗಾವಿ ಜಿಲ್ಲೆಯ ಜೈನ ಒಕ್ಕಲುತನದ ಕುಟುಂಬಗಳಲ್ಲಿ ಸಾಕಷ್ಟಿವೆ. ಹಿಂದೂ ಉತ್ತರಾಧಿಕಾರ ಕಾಯ್ದೆ ತನ್ನ 2ನೇ ಕಲಮಿನಲ್ಲೇ ಜೈನರನ್ನೂ ಸೇರಿಸಿಕೊಂಡಿದೆ. 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಹೊಲದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲಿದೆ. ಮದುವೆಯಾಗಿ ಹೋದ ಅಕ್ಕ ತಂಗಿಯರ ಸಹಿ ಇಲ್ಲದೆ ಮಾಡಿದ ಕರಾರು ಮುಂದೆ ಕೋರ್ಟಿನ ಮೆಟ್ಟಿಲೇರಿದರೆ, ಕಂಪನಿ ತಕರಾರು ಮುಗಿಯುವವರೆಗೆ ಎಂದು ಬಾಡಿಗೆ ತಡೆಹಿಡಿಯಬಹುದು. ಬಾಡಿಗೆ ಯಾರ ಖಾತೆಗೆ, ಯಾರಿಗೆ ಎಷ್ಟು ಎಂದು ಮನೆಯಲ್ಲಿ ಕೂತು ಬರೆದಿಟ್ಟುಕೊಳ್ಳುವುದು ಹತ್ತು ವರ್ಷದ ಮುನಿಸನ್ನು ತಪ್ಪಿಸೀತು. ಉತಾರದ 11ನೇ ಕಾಲಂನಲ್ಲಿ ಬ್ಯಾಂಕಿನ ಅಥವಾ ಸೊಸೈಟಿಯ ಸಾಲವಿದ್ದರೆ ಅವರ ಒಪ್ಪಿಗೆಯೂ ಬೇಕು.

ಕೃಷಿ ಜಮೀನನ್ನು ಬೇರೆ ಬಳಕೆಗೆ ಕೊಡಲು ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಗಳ ಅನುಮತಿ ಬೇಕಾಗುತ್ತದೆ. ಅದರ ಖರ್ಚು ಮತ್ತು ಗ್ರಾಮ ಪಂಚಾಯಿತಿಯ ಪರವಾನಗಿ ಕಂಪನಿಯ ಜವಾಬ್ದಾರಿ ಎಂದು ಬರೆಸದಿದ್ದರೆ, ದಂಡದ ನೋಟಿಸ್ ಬರುವುದು ಹೊಲದ ಮಾಲೀಕರ ಹೆಸರಿಗೆ. ಹೊಲ ಕೃಷಿಯದ್ದಾದರೂ ಟವರ್ ಬಾಡಿಗೆ ಕೃಷಿ ಆದಾಯವಲ್ಲ. ಆದಾಯ ತೆರಿಗೆ ಲೆಕ್ಕದಲ್ಲಿ ಅದನ್ನು ತೋರಿಸಬೇಕು.

ಊರೊಳಗಿನ ಮನೆಯ ಮಾಳಿಗೆಯ ಮೇಲೆ ಕೇಳಿದರೆ ಪ್ರಶ್ನೆ ಬೇರೆ. ಟವರಿನ ಭಾರ ಕಂಬಗಳ ತಲೆಯ ಮೇಲೆ ಕೂರಬೇಕು, ಚಾವಣಿಯ ನಡುವೆ ಅಲ್ಲ. ಕಂಬಗಳಿಲ್ಲದೆ ಕಲ್ಲು ಗೋಡೆಯ ಮೇಲೆ ನಿಂತ ಹಳೆಯ ಮನೆಗೆ ಈ ಮಾತುಕತೆಯೇ ಬೇಡ. ಆರ್‌ಸಿಸಿ ಮನೆಯಾದರೂ ಕಂಪನಿ ತರುವ ದೃಢತೆಯ ಪ್ರಮಾಣಪತ್ರದ ಜೊತೆಗೆ ಸ್ವಂತ ಎಂಜಿನಿಯರ್‌ಗೆ ತೋರಿಸಬೇಕು. ಮಳೆಗಾಲದಲ್ಲಿ ಬೋಲ್ಟ್ ಹಾಕಿದ ಕಡೆ ತೇವದ ಕಲೆ ಕಂಡರೆ ನೀರು ಕಬ್ಬಿಣ ಸರಳಿಗೆ ಇಳಿಯುತ್ತಿದೆ ಎಂದರ್ಥ. ರಿಪೇರಿ ಯಾರದು ಎಂದು ಕರಾರಿನಲ್ಲಿರಬೇಕು. ಮಗನಿಗಾಗಿ ಇನ್ನೊಂದು ಅಂತಸ್ತು ಏರಿಸುವ ಯೋಚನೆಯಿದ್ದರೆ ಟವರ್ ಇರುವವರೆಗೆ ಅದು ಆಗದ ಮಾತು.

ವಿಕಿರಣದ ಬಗ್ಗೆ ನೆರೆಯವರು ಕೇಳಿಯೇ ಕೇಳುತ್ತಾರೆ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಮಿತಿ ಇಳಿಸಲಾಗಿದೆ. ಯಾವ ಟವರ್ ಆ ಮಿತಿಯೊಳಗಿದೆ ಎಂಬುದನ್ನು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ನೋಡಬಹುದು. ಶುಲ್ಕ ಕಟ್ಟಿ ಅಳತೆ ಮಾಡಿಸಲೂ ಅವಕಾಶವಿದೆ. ದಿನನಿತ್ಯದ ತಕರಾರು ಹೆಚ್ಚಾಗಿ ಬರುವುದು ಡೀಸೆಲ್ ಜನರೇಟರ್‌ನ ಸದ್ದು ಮತ್ತು ಹೊಗೆಯಿಂದ. ಅದನ್ನು ಮಲಗುವ ಮನೆಗಳಿಂದ ದೂರದ ಬದಿಗೆ ಇಡಿಸುವುದು ನಕ್ಷೆ ಮಾಡುವಾಗಲೇ ಸಾಧ್ಯ.

ಕೊನೆಗೆ ನೋಂದಣಿ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು, ಅದರ ಖರ್ಚನ್ನು ಕಂಪನಿ ಕೊಡುವುದು ರೂಢಿ. ಬರಿಯ ಬಾಂಡ್ ಪೇಪರಿನ ಮೇಲೆ 20 ವರ್ಷ ಎಂದು ಬರೆದು ನೋಟರಿ ಮಾಡಿಸಿದರೆ, ಏರಿಕೆ ಮತ್ತು ಅಡಿಪಾಯ ತೆಗೆಯುವ ಷರತ್ತುಗಳನ್ನು ಕೋರ್ಟಿನಲ್ಲಿ ಆಧಾರವಾಗಿ ತೋರಿಸಲು ತೊಡಕಾಗುತ್ತದೆ. ಕರಾರು ಇಂಗ್ಲಿಷಿನಲ್ಲಿರುತ್ತದೆ, ವ್ಯಾಜ್ಯದ ಸ್ಥಳ ಮುಂಬೈ ಅಥವಾ ದೆಹಲಿ ಎಂದಿರುತ್ತದೆ. ಗೋಕಾಕದ ವಕೀಲರೊಬ್ಬರಿಂದ ಅದನ್ನು ಕನ್ನಡದಲ್ಲಿ ಓದಿಸಿಕೊಂಡು, ಸ್ಥಳವನ್ನು ಬೆಳಗಾವಿ ಎಂದು ತಿದ್ದಿಸಿ, ಎಲ್ಲ ಪುಟಗಳ ಪ್ರತಿ ಕೈಗೆ ಬಂದ ಮೇಲೆಯೇ ಹೊಲದಲ್ಲಿ ಜೆಸಿಬಿ ಇಳಿಯಲು ಬಿಡಬೇಕು.